ಬೇರೆ ರಾಜ್ಯಗಳ ತಂಡಗಳಿಗೆ ಸಭೆಯ ದಿನ ಸೂಚಿಸುವ ಮುನ್ನ: ಹಬ್ಬ ಮತ್ತು ರಜೆಗಳನ್ನು ತಪ್ಪಿಸುವ ಕ್ರಮ

ಬೆಂಗಳೂರಿನಲ್ಲಿ ಕುಳಿತು ಕೋಲ್ಕತ್ತ, ಪುಣೆ, ಚೆನ್ನೈ, ಗುರುಗ್ರಾಮಗಳ ಸಹೋದ್ಯೋಗಿಗಳನ್ನು ಒಂದೆಡೆ ಸೇರಿಸುವ ಹೊಣೆ ಹೊತ್ತ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: "ನಮ್ಮ ಕ್ಯಾಲೆಂಡರಿನಲ್ಲಿ ಆ ದಿನ ಕೆಂಪು ಅಕ್ಷರದಲ್ಲಿ ಇರಲಿಲ್ಲ, ಆದರೂ ಅರ್ಧ ತಂಡ ರಜೆಯಲ್ಲಿತ್ತು. ಇದನ್ನು ಮೊದಲೇ ತಿಳಿಯುವುದು ಹೇಗೆ?" ಈ ಲೇಖನ ಆ ಪ್ರಶ್ನೆಗೆ ಉತ್ತರ. ವರ್ಷವಿಡೀ ಬರುವ ಎಲ್ಲ ಹಬ್ಬಗಳನ್ನು ಇಲ್ಲಿ ಪಟ್ಟಿ ಮಾಡುತ್ತಿಲ್ಲ. ದಸರಾದಿಂದ ಛಠ್ ಪೂಜೆಯವರೆಗಿನ ಐದಾರು ವಾರಗಳನ್ನು ಮಾತ್ರ ತೆಗೆದುಕೊಂಡು, ಆ ಅವಧಿಯಲ್ಲಿ ಒಂದು ಕಾರ್ಯಾಗಾರಕ್ಕೆ ದಿನ ಹುಡುಕುವುದನ್ನು ಹಂತ ಹಂತವಾಗಿ ತೋರಿಸುತ್ತೇನೆ. ವರ್ಷದಲ್ಲಿ ಅತ್ಯಂತ ತೊಡಕಿನ ಕಾಲ ಅದೇ ಆದ್ದರಿಂದ, ಅಲ್ಲಿ ಕೆಲಸ ಮಾಡುವ ಕ್ರಮ ಸಂಕ್ರಾಂತಿಗೂ ಯುಗಾದಿಗೂ ಸಾಕಾಗುತ್ತದೆ. ಉದಾಹರಣೆಗೆ 2025ನೇ ವರ್ಷವನ್ನು ಆರಿಸಿಕೊಂಡಿದ್ದೇನೆ. ಮುಗಿದ ವರ್ಷದ ತಾರೀಕುಗಳು ಇನ್ನು ಬದಲಾಗುವುದಿಲ್ಲ ಎಂಬುದೇ ಅದಕ್ಕೆ ಕಾರಣ.

ಬೇಕಾಗುವ ಸಾಮಗ್ರಿ ಹೆಚ್ಚೇನಿಲ್ಲ. ಪ್ರತಿ ಊರಿನ ಕಚೇರಿಗೆ ಅನ್ವಯಿಸುವ ಆ ವರ್ಷದ ರಜಾಪಟ್ಟಿ, ಒಂದು ಪಂಚಾಂಗ ಅಥವಾ ಗೋಡೆಗೆ ತೂಗುಹಾಕುವ ತಾರೀಕುಪಟ್ಟಿ, ಒಂದು ಸ್ಪ್ರೆಡ್‌ಶೀಟ್, ಮತ್ತು ಪ್ರತಿ ಊರಿನಲ್ಲಿ ನಿಮ್ಮ ಪ್ರಶ್ನೆಗೆ ಸಂಕೋಚವಿಲ್ಲದೆ ಉತ್ತರಿಸುವ ಒಬ್ಬ ವ್ಯಕ್ತಿ. ಈ ನಾಲ್ಕರಲ್ಲಿ ಕೊನೆಯದನ್ನೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ.

ಹಂತ 1: ಯಾರು ಬರಬೇಕು, ಅವರು ಎಲ್ಲಿದ್ದಾರೆ ಎಂದು ಬರೆದುಕೊಳ್ಳಿ

ಮೊದಲು ಬರೆಯಬೇಕಾದದ್ದು ಊರುಗಳ ಹೆಸರು, ರಾಜ್ಯಗಳದ್ದಲ್ಲ. ಒಂದೇ ರಾಜ್ಯದ ಒಳಗೂ ರಜೆ ಬೇರೆಯಾಗುತ್ತದೆ. 2025ರ ಸೆಪ್ಟೆಂಬರ್ 5ಕ್ಕೆ ಇದ್ದ ಈದ್ ಮಿಲಾದ್ ರಜೆಯನ್ನು ಮಹಾರಾಷ್ಟ್ರ ಸರ್ಕಾರವು ಹಬ್ಬಕ್ಕೆ ಕೆಲವೇ ದಿನಗಳ ಮುಂಚೆ ಮುಂಬೈ ನಗರ ಮತ್ತು ಉಪನಗರ ಜಿಲ್ಲೆಗಳಿಗೆ ಮಾತ್ರ ಸೆಪ್ಟೆಂಬರ್ 8ಕ್ಕೆ ಬದಲಾಯಿಸಿತು. ಸೆಪ್ಟೆಂಬರ್ 6ರಂದು ಅನಂತ ಚತುರ್ದಶಿಯ ಗಣೇಶ ವಿಸರ್ಜನೆ ಇತ್ತು, ಎರಡೂ ಮೆರವಣಿಗೆಗಳು ಒತ್ತಾಗಿ ಬರಬಾರದೆಂಬುದು ಉದ್ದೇಶವಾಗಿತ್ತು. ಉಳಿದ ಜಿಲ್ಲೆಗಳಿಗೆ 5ನೇ ತಾರೀಕೇ ಉಳಿಯಿತು. "ಮಹಾರಾಷ್ಟ್ರ" ಎಂದಷ್ಟೇ ಬರೆದುಕೊಂಡವರಿಗೆ ಮುಂಬೈ ಮತ್ತು ಪುಣೆಯ ಈ ವ್ಯತ್ಯಾಸ ಕಾಣಿಸುವುದೇ ಇಲ್ಲ. ನಮ್ಮಲ್ಲಿಯೂ ಹಾಗೆಯೇ ಕೈಲ್‌ಪೋಳ್ದ್, ತುಲಾ ಸಂಕ್ರಮಣ, ಹುತ್ತರಿಗಳ ರಜೆ ಕೊಡಗು ಜಿಲ್ಲೆಗಷ್ಟೇ ಸೀಮಿತ.

ಊರಿನ ಪಕ್ಕದಲ್ಲಿ ಇನ್ನೊಂದು ಅಂಕಣ ಇರಲಿ, ಅದರ ತಲೆಬರಹ "ಹಬ್ಬಕ್ಕೆ ಊರಿಗೆ ಹೋಗುವ ದಿನಗಳು" ಎಂದಿರಲಿ. ಬೆಂಗಳೂರಿನ ಕಚೇರಿಯಲ್ಲಿ ಕೆಲಸ ಮಾಡುವ ಬಿಹಾರದವರಿಗೆ ಕರ್ನಾಟಕದ ರಜಾಪಟ್ಟಿ ಛಠ್ ಪೂಜೆಗೆ ರಜೆ ಕೊಡುವುದಿಲ್ಲ, ಆದರೂ ಅವರು ಆ ದಿನ ಇಲ್ಲಿರುವುದಿಲ್ಲ. ಈ ಅಂಕಣವನ್ನು ತುಂಬುವಾಗ ಒಂದು ಎಚ್ಚರಿಕೆ ಬೇಕು: ಯಾರನ್ನೂ "ನೀವು ಯಾವ ಹಬ್ಬ ಮಾಡುತ್ತೀರಿ" ಎಂದು ಕೇಳಬೇಡಿ. ಅದು ಧರ್ಮವನ್ನೂ ಜಾತಿಯನ್ನೂ ಸುತ್ತುಬಳಸಿ ಕೇಳಿದಂತಾಗುತ್ತದೆ. "ಸೆಪ್ಟೆಂಬರ್ 22ರಿಂದ ಅಕ್ಟೋಬರ್ 31ರ ನಡುವೆ ನೀವು ಸಿಗದಿರುವ ದಿನಗಳು ಯಾವುವು, ಕಾರಣ ಬರೆಯಬೇಕಾಗಿಲ್ಲ" ಎಂದು ಕೇಳಿದರೆ ಬೇಕಾದ ಮಾಹಿತಿ ಪೂರ್ತಿ ಸಿಗುತ್ತದೆ.

ಹಂತ 2: ಸರಿಯಾದ ರಜಾಪಟ್ಟಿಯನ್ನು ಹಿಡಿಯಿರಿ

ರಜಾಪಟ್ಟಿ ಎಂದು ನಾವು ಒಂದೇ ಮಾತಿನಲ್ಲಿ ಹೇಳುವುದರಲ್ಲಿ ಕನಿಷ್ಠ ನಾಲ್ಕು ಬಗೆಗಳಿವೆ, ಗೊಂದಲದ ದೊಡ್ಡ ಪಾಲು ಇಲ್ಲಿಂದಲೇ ಹುಟ್ಟುತ್ತದೆ.

ಸಾರ್ವತ್ರಿಕ ರಜೆ ಎಂದರೆ ರಾಜ್ಯ ಸರ್ಕಾರದ ಕಚೇರಿಗಳೆಲ್ಲ ಮುಚ್ಚಿರುವ ದಿನ. ಪರಿಮಿತ ರಜೆ ಎಂದರೆ ಕಚೇರಿ ತೆರೆದೇ ಇದ್ದು, ನೌಕರರು ಒಂದು ಪಟ್ಟಿಯಿಂದ ತಮಗೆ ಬೇಕಾದ ಕೆಲವೇ ದಿನಗಳನ್ನು ಆರಿಸಿಕೊಳ್ಳಬಹುದಾದ ರಜೆ. ಬ್ಯಾಂಕ್ ರಜೆಯು 1881ರ ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಅಡಿಯಲ್ಲಿ ಘೋಷಣೆಯಾಗುವಂಥದ್ದು, ಅದನ್ನು ರಿಸರ್ವ್ ಬ್ಯಾಂಕು ತನ್ನ ಪ್ರಾದೇಶಿಕ ಕಚೇರಿಗಳಿರುವ ಊರುಗಳ ಲೆಕ್ಕದಲ್ಲಿ ಪ್ರಕಟಿಸುತ್ತದೆ. ನಾಲ್ಕನೆಯದು ಕಂಪನಿಯ ರಜಾಪಟ್ಟಿ. ಕರ್ನಾಟಕದಲ್ಲಿ ಇದಕ್ಕೆ 1963ರ ಕೈಗಾರಿಕಾ ಸಂಸ್ಥೆಗಳ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆ ಆಧಾರ. ಬೇರೆ ರಾಜ್ಯಗಳಲ್ಲಿ ಇದೇ ಬಗೆಯ ಬೇರೆ ಕಾಯ್ದೆಗಳಿವೆ.

ಖಾಸಗಿ ಕಂಪನಿಯ ತಂಡಕ್ಕೆ ದಿನ ಸೂಚಿಸುವಾಗ ಈ ನಾಲ್ಕರಲ್ಲಿ ಮೊದಲು ನೋಡಬೇಕಾದದ್ದು ಆಯಾ ಊರಿನ ಶಾಖೆಯ ಕಂಪನಿ ರಜಾಪಟ್ಟಿ. ಅದನ್ನು ಎಚ್‌ಆರ್ ವಿಭಾಗದಿಂದ ಕೇಳಿ ಪಡೆಯಬೇಕು. ಅಂತರಜಾಲದಲ್ಲಿ ಹುಡುಕಿ ಸಿಕ್ಕ ಪಟ್ಟಿ ಬಹುತೇಕ ಸರ್ಕಾರಿ ಇಲ್ಲವೇ ಬ್ಯಾಂಕ್ ರಜೆಯದ್ದಾಗಿರುತ್ತದೆ. ಉದಾಹರಣೆಗೆ, 2025ರ ಅಕ್ಟೋಬರ್ 7ರ ಮಹರ್ಷಿ ವಾಲ್ಮೀಕಿ ಜಯಂತಿ ಕರ್ನಾಟಕದಲ್ಲಿ ಸಾರ್ವತ್ರಿಕ ರಜೆ, ಆದರೆ ಬೆಂಗಳೂರಿನ ಬಹಳಷ್ಟು ಖಾಸಗಿ ಕಚೇರಿಗಳು ಆ ದಿನ ಎಂದಿನಂತೆ ತೆರೆದಿರುತ್ತವೆ. ನಿಮ್ಮ ಸಭೆಗೆ ಸರ್ಕಾರಿ ಇಲಾಖೆಯವರು ಅಥವಾ ಬ್ಯಾಂಕಿನವರು ಬರಬೇಕಾಗಿದ್ದರೆ ಅವರವರ ಪಟ್ಟಿ ನೋಡಲೇಬೇಕು, ಬ್ಯಾಂಕುಗಳಿಗೆ ಎರಡನೆಯ ಮತ್ತು ನಾಲ್ಕನೆಯ ಶನಿವಾರವೂ ರಜೆಯೆಂಬುದನ್ನು ಮರೆಯಬಾರದು.

ಗೂಗಲ್ ಕ್ಯಾಲೆಂಡರಿನಲ್ಲಿ ಸಿದ್ಧವಾಗಿ ಸಿಗುವ `Holidays in India` ಎಂಬ ಪದರವನ್ನು ನಂಬಿ ಕೆಟ್ಟವರು ಹಲವರು. ಅದು ಇಡೀ ದೇಶಕ್ಕೆ ಒಂದೇ ಪಟ್ಟಿ, ಯಾವ ಊರಿನಲ್ಲಿ ಯಾವ ಕಚೇರಿ ಮುಚ್ಚಿರುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಹಬ್ಬವೊಂದು ಹತ್ತಿರದಲ್ಲಿದೆ ಎಂಬ ಸುಳಿವಿಗೆ ಮಾತ್ರ ಅದನ್ನು ಬಳಸಬಹುದು.

ಹಂತ 3: ಪಟ್ಟಿಯಲ್ಲಿಲ್ಲದ ಹಬ್ಬಗಳನ್ನು ಸೇರಿಸಿ

ಕರ್ನಾಟಕ ಸರ್ಕಾರದ ಸಾರ್ವತ್ರಿಕ ರಜಾಪಟ್ಟಿಯಲ್ಲಿ ಭಾನುವಾರ ಬೀಳುವ ಹಬ್ಬಗಳನ್ನು ನಮೂದಿಸುವುದಿಲ್ಲ. 2025ರಲ್ಲಿ ಯುಗಾದಿ ಮಾರ್ಚ್ 30ರ ಭಾನುವಾರ ಬಂದದ್ದರಿಂದ ಅದು ಪಟ್ಟಿಯಲ್ಲಿ ಇರಲೇ ಇಲ್ಲ. ಮರುದಿನ ರಂಜಾನ್ ರಜೆ ಇದ್ದದ್ದು ನಮ್ಮ ಅದೃಷ್ಟ, ಇಲ್ಲದಿದ್ದರೆ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಸಭೆ ಕರೆದ ಹೊರರಾಜ್ಯದ ವ್ಯವಸ್ಥಾಪಕರಿಗೆ ಹೊಸತೊಡಕು ಎಂದರೇನು ಎಂದು ವಿವರಿಸುವ ಕೆಲಸ ಯಾರಿಗಾದರೂ ಬೀಳುತ್ತಿತ್ತು. ಯುಗಾದಿಯ ಮರುದಿನದ ಮಾಂಸದೂಟ ಯಾವ ರಜಾಪಟ್ಟಿಯಲ್ಲೂ ಇಲ್ಲ, ಆದರೆ ಮಂಡ್ಯ, ರಾಮನಗರ, ತುಮಕೂರು ಕಡೆಯಿಂದ ಬಂದ ಸಹೋದ್ಯೋಗಿಗಳು ಆ ದಿನ ಎಲ್ಲಿರುತ್ತಾರೆಂಬುದು ಬೆಂಗಳೂರಿನವರಿಗೆಲ್ಲ ಗೊತ್ತು.

ಪ್ರತಿ ಊರಿಗೂ ಇಂಥ ದಿನಗಳಿವೆ. ವರಮಹಾಲಕ್ಷ್ಮಿ ವ್ರತ ಇಲ್ಲಿ ಪರಿಮಿತ ರಜೆ ಮಾತ್ರ, ಆದರೆ 2025ರ ಆಗಸ್ಟ್ 8ರ ಶುಕ್ರವಾರ ಬೆಂಗಳೂರಿನ ತಂಡದಲ್ಲಿ ಹಾಜರಾತಿ ಎಷ್ಟಿತ್ತೆಂದು ನೆನಪಿಸಿಕೊಂಡರೆ ಆ "ಮಾತ್ರ" ಎಂಬ ಪದಕ್ಕೆ ಅರ್ಥವಿಲ್ಲ. ಉತ್ತರ ಭಾರತದ ಕಚೇರಿಗಳಲ್ಲಿ ಕರವಾ ಚೌತ್ ಹಾಗೆಯೇ: ದಿನವಿಡೀ ನೀರೂ ಕುಡಿಯದೆ ಉಪವಾಸವಿದ್ದು ಚಂದ್ರೋದಯದ ಬಳಿಕ ಊಟ ಮಾಡುವ ಹೆಂಗಸರಿಗೆ ಸಂಜೆ ಆರಕ್ಕೆ ಆರಂಭವಾಗುವ ಎರಡು ಗಂಟೆಯ ಸಭೆ ಒಂದು ಶಿಕ್ಷೆ. ಅದಕ್ಕೆ ದಿನ ಬದಲಾಯಿಸಬೇಕಾಗಿಲ್ಲ, ಹೊತ್ತು ಬದಲಾಯಿಸಿದರೆ ಸಾಕು.

ರಜೆಗೆ ಮುಂಚಿನ ಮಧ್ಯಾಹ್ನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಆಯುಧಪೂಜೆಗೆ ರಜೆ ಇರುವುದರಿಂದ ಬೆಂಗಳೂರಿನ ಅನೇಕ ಕಚೇರಿಗಳು ಪೂಜೆಯನ್ನು ಹಿಂದಿನ ಕೆಲಸದ ದಿನವೇ ಮುಗಿಸುತ್ತವೆ. ಮಧ್ಯಾಹ್ನದ ಊಟವಾದೊಡನೆ ಬಾಗಿಲಿಗೆ ಬಾಳೆಕಂದು ಕಟ್ಟಿ, ಕಂಪ್ಯೂಟರುಗಳಿಗೆ ಅರಿಶಿನ ಕುಂಕುಮ ಹಚ್ಚಿ, ಕುಂಕುಮ ತುಂಬಿದ ಬೂದುಗುಂಬಳವನ್ನು ಗೇಟಿನ ಮುಂದೆ ಒಡೆದು, ಕಡಲೆಪುರಿ ಮತ್ತು ಸಿಹಿಯ ಪೊಟ್ಟಣ ಹಂಚುವ ಹೊತ್ತಿಗೆ ನಾಲ್ಕು ಗಂಟೆಯಾಗಿರುತ್ತದೆ. ಆ ಮಧ್ಯಾಹ್ನ ಪುಣೆಯಿಂದ ಯಾರಾದರೂ ವಿಡಿಯೊ ಕರೆ ಮಾಡಿದರೆ ಅವರಿಗೆ ಕಾಣುವುದು ಖಾಲಿ ಕುರ್ಚಿಗಳು ಮತ್ತು ಕೇಳುವುದು ಗಂಟೆಯ ಸದ್ದು.

ಕೊನೆಯದಾಗಿ, ಒಂದೇ ಹೆಸರಿನ ಹಬ್ಬ ಬೇರೆ ಬೇರೆ ದಿನ ಬರುವ ಸಂಗತಿ. ದೀಪಾವಳಿ ಇದರ ಅತ್ಯುತ್ತಮ ನಿದರ್ಶನ. ನಮಗೂ ತಮಿಳುನಾಡಿಗೂ ನರಕ ಚತುರ್ದಶಿಯ ಬೆಳಗಿನ ಎಣ್ಣೆಸ್ನಾನ ಮುಖ್ಯವಾದ್ದರಿಂದ ಬೆಳಗಿನ ಜಾವದಲ್ಲಿ ಚತುರ್ದಶಿ ತಿಥಿ ಇರುವ ದಿನವನ್ನು ನೋಡುತ್ತಾರೆ. ಉತ್ತರದಲ್ಲಿ ಸಂಜೆಯ ಲಕ್ಷ್ಮೀಪೂಜೆ ಮುಖ್ಯವಾದ್ದರಿಂದ ಸೂರ್ಯಾಸ್ತದ ಹೊತ್ತಿಗೆ ಅಮಾವಾಸ್ಯೆ ಇರುವ ದಿನವನ್ನು ಹಿಡಿಯುತ್ತಾರೆ. 2025ರಲ್ಲಿ ಅಮಾವಾಸ್ಯೆಯು ಅಕ್ಟೋಬರ್ 20ರ ಮಧ್ಯಾಹ್ನದ ನಂತರ ಆರಂಭವಾಗಿ 21ರ ಸಂಜೆಯವರೆಗೆ ಇತ್ತು. ಹೀಗಾಗಿ ಕರ್ನಾಟಕಕ್ಕೆ 20ರ ಸೋಮವಾರ ನರಕ ಚತುರ್ದಶಿ ಮತ್ತು 22ರ ಬುಧವಾರ ಬಲಿಪಾಡ್ಯಮಿಯ ರಜೆ ಬಂದರೆ, ಮಹಾರಾಷ್ಟ್ರಕ್ಕೆ 21ರ ಮಂಗಳವಾರ ಲಕ್ಷ್ಮೀಪೂಜೆ ಮತ್ತು 22ರಂದು ಬಲಿಪ್ರತಿಪದೆಯ ರಜೆ ಬಂತು. ಉತ್ತರದ ಬಹುತೇಕ ಊರುಗಳು ಲಕ್ಷ್ಮೀಪೂಜೆಯನ್ನು 20ರಂದೇ ಮಾಡಿದವು. "ದೀಪಾವಳಿಯ ಒಂದು ದಿನ ಬಿಟ್ಟು ಸೇರೋಣ" ಎಂದು ಬರೆದರೆ ಬೆಂಗಳೂರಿನವರು 21 ಎಂದುಕೊಳ್ಳುತ್ತಾರೆ, ಪುಣೆಯವರಿಗೆ ಅದೇ ಹಬ್ಬದ ದಿನ. ಆದ್ದರಿಂದ ಹಬ್ಬದ ಹೆಸರಿನಿಂದ ಎಂದೂ ದಿನ ಸೂಚಿಸಬೇಡಿ, ತಾರೀಕು ಮತ್ತು ವಾರ ಎರಡನ್ನೂ ಬರೆಯಿರಿ.

ಚಂದ್ರದರ್ಶನವನ್ನು ಅವಲಂಬಿಸಿದ ಹಬ್ಬಗಳಿಗೆ ಇನ್ನೊಂದು ದಿನದ ಅಂತರ ಬಿಡಬೇಕು. 2024ರಲ್ಲಿ ಕೇರಳದವರು ಈದುಲ್ ಫಿತ್ರ್ ಅನ್ನು ಏಪ್ರಿಲ್ 10ರಂದು ಆಚರಿಸಿದರೆ ದೇಶದ ಹೆಚ್ಚಿನ ಕಡೆ ಅದು ಏಪ್ರಿಲ್ 11ರಂದು ನಡೆಯಿತು. ಪಟ್ಟಿಯಲ್ಲಿ ಅಚ್ಚಾದ ತಾರೀಕಿನ ಹಿಂದಿನ ದಿನ ಮತ್ತು ಮರುದಿನ ಎರಡನ್ನೂ ಖಾಲಿ ಬಿಟ್ಟರೆ ಈ ಸಮಸ್ಯೆ ಉಳಿಯುವುದಿಲ್ಲ.

ಹಂತ 4: ದಿನಗಳಿಗೆ ಅಂಕ ಕೊಟ್ಟು ಹಾಳೆಯಲ್ಲಿ ಹಾಕಿ

ಈಗ ಸ್ಪ್ರೆಡ್‌ಶೀಟ್ ತೆರೆದು `Raje` ಎಂಬ ಹೆಸರಿನ ಹಾಳೆ ಮಾಡಿ. ಮೊದಲ ಅಂಕಣದಲ್ಲಿ ತಾರೀಕು, ಎರಡನೆಯದರಲ್ಲಿ ಊರು, ಮೂರನೆಯದರಲ್ಲಿ ಅಂಕ, ನಾಲ್ಕನೆಯದರಲ್ಲಿ ಹಬ್ಬದ ಹೆಸರು. ಕಚೇರಿಯೇ ಮುಚ್ಚಿರುವ ದಿನಕ್ಕೆ 3, ಕಚೇರಿ ತೆರೆದಿದ್ದರೂ ಹೆಚ್ಚಿನವರು ಇಲ್ಲದ ದಿನಕ್ಕೆ 2, ಕೆಲವರಿಗೆ ಅಥವಾ ದಿನದ ಒಂದು ಹೊತ್ತಿಗೆ ಮಾತ್ರ ಅಡಚಣೆಯಾಗುವ ದಿನಕ್ಕೆ 1. ನಾಲ್ಕು ದಿನದ ಹಬ್ಬಕ್ಕೆ ನಾಲ್ಕು ಸಾಲು ಬರೆಯಬೇಕು, "29ರಿಂದ 2" ಎಂದು ಒಂದೇ ಸಾಲಿನಲ್ಲಿ ಬರೆದರೆ ಸೂತ್ರಕ್ಕೆ ಅರ್ಥವಾಗುವುದಿಲ್ಲ.

ಇನ್ನೊಂದು ಹಾಳೆಯಲ್ಲಿ ನಿಮಗೆ ಬೇಕಾದ ಅವಧಿಯ ಕೆಲಸದ ದಿನಗಳನ್ನೆಲ್ಲ A ಅಂಕಣದಲ್ಲಿ ಒಂದರ ಕೆಳಗೊಂದು ಬರೆದು, ಪಕ್ಕದ ಅಂಕಣದಲ್ಲಿ ಈ ಸೂತ್ರ ಹಾಕಿ ಕೆಳಗೆ ಎಳೆಯಿರಿ:

```
=MAXIFS(Raje!C:C, Raje!A:A, A2)
```

ಇದು ಆ ದಿನಕ್ಕೆ ಯಾವುದೇ ಊರಿನಲ್ಲಿ ಇರುವ ಅತಿ ಹೆಚ್ಚಿನ ಅಂಕವನ್ನು ತೋರಿಸುತ್ತದೆ, ಯಾವ ತೊಡಕೂ ಇಲ್ಲದ ದಿನಕ್ಕೆ 0 ತೋರಿಸುತ್ತದೆ. ಅಂಕಗಳನ್ನು ಕೂಡುವ ಸೂತ್ರವನ್ನು ಹಲವರು ಬಳಸುತ್ತಾರೆ, ಅದು ತಪ್ಪು. ಮೂರು ಊರುಗಳಲ್ಲಿ ಸಣ್ಣಪುಟ್ಟ ಅಡಚಣೆ ಇರುವ ದಿನವೂ, ಒಂದು ಊರಿನಲ್ಲಿ ಕಚೇರಿಯೇ ಮುಚ್ಚಿರುವ ದಿನವೂ ಕೂಡಿದರೆ 3 ಎಂದೇ ಬರುತ್ತವೆ. ಮೊದಲನೆಯದನ್ನು ಹೊತ್ತು ಹೊಂದಿಸಿ ಉಳಿಸಿಕೊಳ್ಳಬಹುದು, ಎರಡನೆಯದನ್ನು ಬಿಟ್ಟೇಬಿಡಬೇಕು.

ಇಲ್ಲಿ ಸದ್ದಿಲ್ಲದೆ ನಡೆಯುವ ಒಂದು ತಪ್ಪಿದೆ. 01/10/2025 ಎಂದು ನೀವು ಅಕ್ಟೋಬರ್ 1ಕ್ಕೆ ಬರೆದದ್ದನ್ನು ಅಮೆರಿಕದ ಕ್ರಮಕ್ಕೆ ಹೊಂದಿಸಿದ ಹಾಳೆ ಜನವರಿ 10 ಎಂದು ಓದುತ್ತದೆ, ಆಯುಧಪೂಜೆ ಪಟ್ಟಿಯಿಂದ ಮಾಯವಾಗುತ್ತದೆ, ಸೂತ್ರ 0 ತೋರಿಸುತ್ತದೆ, ನೀವು ನೆಮ್ಮದಿಯಾಗಿ ಅಕ್ಟೋಬರ್ 1ಕ್ಕೇ ಸಭೆ ಕರೆಯುತ್ತೀರಿ. ಇದನ್ನು ಹಿಡಿಯಲು `Raje` ಹಾಳೆಯ ಖಾಲಿ ಅಂಕಣವೊಂದರಲ್ಲಿ `=TEXT(A2,"ddd")` ಹಾಕಿ ವಾರವನ್ನು ನೋಡಿ. 2025ರ ಆಯುಧಪೂಜೆಯ ಸಾಲಿನಲ್ಲಿ ಬುಧವಾರ ಬರಬೇಕು, ಶುಕ್ರವಾರ ಬಂದರೆ ಅದು ಜನವರಿ 10 ಆಗಿಹೋಗಿದೆ.

ಹಂತ 5: ಹಾಳೆಯನ್ನು ಓದುವುದು, ಒಂದು ಪೂರ್ಣ ಉದಾಹರಣೆ

ಬೆಂಗಳೂರಿನಲ್ಲಿ ಎರಡು ದಿನದ ಕಾರ್ಯಾಗಾರ, ಕೋಲ್ಕತ್ತ, ಪುಣೆ, ಚೆನ್ನೈ, ಗುರುಗ್ರಾಮಗಳಿಂದ ಜನ ಬರಬೇಕು, ಅವಧಿ 2025ರ ಸೆಪ್ಟೆಂಬರ್ 22ರಿಂದ ಅಕ್ಟೋಬರ್ 31. ಎಲ್ಲರೂ ಪ್ರಯಾಣ ಮಾಡಿ ಬರುವುದರಿಂದ ಎರಡು ದಿನದ ಸಭೆಗೆ ನಿಜವಾಗಿ ನಾಲ್ಕು ದಿನ ಬೇಕು: ನಡುವಿನ ಎರಡು ದಿನಕ್ಕೆ ಅಂಕ 0 ಇರಬೇಕು, ಹಿಂದಿನ ದಿನ ಮತ್ತು ಮರುದಿನದ ಅಂಕ 1ನ್ನು ಮೀರಬಾರದು.

ಸೆಪ್ಟೆಂಬರ್ 22ರ ವಾರ ನವರಾತ್ರಿಯ ಆರಂಭ. ಹಾಳೆಯಲ್ಲಿ ಹೆಚ್ಚಿನ ಅಂಕ ಕಾಣುವುದಿಲ್ಲ, ಆದರೆ ಕೋಲ್ಕತ್ತದ ವ್ಯಕ್ತಿಯನ್ನು ಕೇಳಿದರೆ ದುರ್ಗಾಪೂಜೆಗೆ ಮುಂಚಿನ ಆ ವಾರ ಕೆಲಸ ಮುಗಿಸುವ ಧಾವಂತದ್ದು, ಊರು ಬಿಟ್ಟು ಬರುವಂಥದ್ದಲ್ಲ ಎಂದು ಹೇಳುತ್ತಾರೆ. ಬೆಂಗಳೂರಿನಲ್ಲಿ ಮಕ್ಕಳಿಗೆ ದಸರಾ ರಜೆಯೂ ಆಗ ಆರಂಭವಾಗಿರುತ್ತದೆ. ಇದಕ್ಕೆ 2 ಕೊಟ್ಟೆ.

ಸೆಪ್ಟೆಂಬರ್ 29ರ ವಾರ ಪೂರ್ತಿ ಹೋಯಿತು. ಸೋಮವಾರ ಸಪ್ತಮಿ, ಮಂಗಳವಾರ ಅಷ್ಟಮಿ, ಬುಧವಾರ ನವಮಿ, ನಮಗೂ ಚೆನ್ನೈಗೂ ಅದೇ ಆಯುಧಪೂಜೆ, ಗುರುವಾರ ವಿಜಯದಶಮಿ ಮತ್ತು ಗಾಂಧಿ ಜಯಂತಿ ಒಂದೇ ದಿನ. ಶುಕ್ರವಾರ ಕಚೇರಿ ತೆರೆದಿದ್ದರೂ ಹಿಂದೆ ಎರಡು ರಜೆ ಮುಂದೆ ಶನಿವಾರ ಇರುವ ಶುಕ್ರವಾರವನ್ನು ಯಾರೂ ಬಿಡುವುದಿಲ್ಲ. ಹೀಗೆ ರಜೆಗಳ ನಡುವೆ ಸಿಕ್ಕಿಕೊಂಡ ಒಂಟಿ ದಿನಕ್ಕೆ ಕಣ್ಣು ಮುಚ್ಚಿ 2 ಕೊಡಿ. ಬಹಳ ವರ್ಷಗಳ ಹಿಂದೆ ನಾನು ಅಷ್ಟಮಿಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಕೋಲ್ಕತ್ತದವರನ್ನು ಕರೆಗೆ ಸೇರಿಸಿದ್ದೆ. ಒಬ್ಬರು ಸೇರಿದರು, ಹಿನ್ನೆಲೆಯಲ್ಲಿ ಢಾಕ್ ಬಾರಿಸುತ್ತಿದ್ದದ್ದರಿಂದ ಅವರ ಮಾತು ಒಂದೂ ಕೇಳಿಸಲಿಲ್ಲ.

ಅಕ್ಟೋಬರ್ 6ರ ವಾರ ಮೊದಲ ನೋಟಕ್ಕೆ ಚೆನ್ನಾಗಿ ಕಾಣುತ್ತದೆ, ಮೋಸ ಹೋಗುವುದು ಇಲ್ಲೇ. ದಸರಾ ಮುಗಿಯಿತೆಂದು ನಾವು ಅಂದುಕೊಳ್ಳುವ ಹೊತ್ತಿಗೆ ಬಂಗಾಳದಲ್ಲಿ ಹುಣ್ಣಿಮೆಯ ಲಕ್ಷ್ಮೀಪೂಜೆ ಬರುತ್ತದೆ, ಅದು ಸೋಮವಾರ 6ರಂದು. ಮಂಗಳವಾರ 7 ನಮ್ಮ ವಾಲ್ಮೀಕಿ ಜಯಂತಿ, ಕಚೇರಿ ತೆರೆದಿರುವುದರಿಂದ ಅದಕ್ಕೆ 1. ಬುಧವಾರ 8 ಮತ್ತು ಗುರುವಾರ 9ಕ್ಕೆ ಅಂಕ 0 ಬರುತ್ತದೆ. ಶುಕ್ರವಾರ 10 ಕರವಾ ಚೌತ್ ಆದ್ದರಿಂದ ಗುರುಗ್ರಾಮಕ್ಕೆ 1. ಷರತ್ತಿನ ಪ್ರಕಾರ 8 ಮತ್ತು 9 ತೇರ್ಗಡೆಯಾಗಬೇಕು. ಆದರೆ ಪೂಜೆಯ ರಜೆಗೆ ಸ್ವಂತ ರಜೆ ಸೇರಿಸಿ ಪ್ರವಾಸ ಹೋದ ಕೋಲ್ಕತ್ತದವರಲ್ಲಿ ಎಷ್ಟು ಜನ ಅಷ್ಟರೊಳಗೆ ಮರಳಿರುತ್ತಾರೆ ಎಂಬುದನ್ನು ಯಾವ ಪಟ್ಟಿಯೂ ಹೇಳುವುದಿಲ್ಲ, ಒಂದನೆಯ ಹಂತದ ಎರಡನೆಯ ಅಂಕಣ ಹೇಳುತ್ತದೆ. ಗುರುಗ್ರಾಮದವರಿಗೆ ಗುರುವಾರ ರಾತ್ರಿಯೇ ಮರಳುವ ವಿಮಾನ ಬೇಕಾಗುತ್ತದೆ ಎಂಬುದೂ ಇದೆ.

ಅಕ್ಟೋಬರ್ 13ರ ವಾರದಲ್ಲಿ ಸೋಮವಾರದಿಂದ ಗುರುವಾರದವರೆಗೆ ಐದೂ ಊರುಗಳ ಕಚೇರಿಗಳು ತೆರೆದಿವೆ. ಶುಕ್ರವಾರ 17ರಿಂದ ದೀಪಾವಳಿಗೆ ಊರಿಗೆ ಹೋಗುವವರ ನೂಕುನುಗ್ಗಲು ಆರಂಭ, 18ರ ಶನಿವಾರ ಉತ್ತರದವರಿಗೆ ಧನತೇರಸ್. ಹೀಗಾಗಿ ಮಂಗಳವಾರ 14 ಮತ್ತು ಬುಧವಾರ 15 ನನ್ನ ಮೊದಲ ಆಯ್ಕೆ: ಸೋಮವಾರ ಬರಬಹುದು, ಗುರುವಾರ ಹಿಂತಿರುಗಬಹುದು, ಹಬ್ಬದ ದಟ್ಟಣೆ ಒಂದು ದಿನ ಆಚೆಗಿದೆ.

ಅಕ್ಟೋಬರ್ 20ರ ವಾರದ ಕಥೆ ಮೂರನೆಯ ಹಂತದಲ್ಲೇ ಹೇಳಿದೆ. 20, 21, 22ರಲ್ಲಿ ಒಂದಲ್ಲ ಒಂದು ಊರು ಮುಚ್ಚಿದೆ, 23ರಂದು ಅಣ್ಣತಮ್ಮಂದಿರಿಗೆ ಅಕ್ಕತಂಗಿಯರು ಆರತಿ ಮಾಡುವ ಭಾಯಿ ದೂಜ್, ಬಂಗಾಳದ ಭಾಯಿ ಫೋಂಟಾ, ಮಹಾರಾಷ್ಟ್ರದ ಭಾವೂಬೀಜ್. ಮುಂದಿನ ಸೋಮವಾರ 27ರ ಸಂಜೆ ಮತ್ತು ಮಂಗಳವಾರ 28ರ ಬೆಳಿಗ್ಗೆ ಛಠ್‌ನ ಅರ್ಘ್ಯ. ಪೂಜೆ ಆರಂಭವಾಗುವುದು 25ರಂದೇ ಆದ್ದರಿಂದ ಬಿಹಾರ ಮತ್ತು ಪೂರ್ವ ಉತ್ತರಪ್ರದೇಶದವರು ದೀಪಾವಳಿಗೆ ಹೋದವರು ಛಠ್ ಮುಗಿಸಿಯೇ ಮರಳುತ್ತಾರೆ. ಗುರುವಾರ 30 ಮತ್ತು ಶುಕ್ರವಾರ 31 ಎರಡನೆಯ ಆಯ್ಕೆಯಾಗಿ ಉಳಿಯುತ್ತವೆ. ಮರುದಿನ ಶನಿವಾರ ಕನ್ನಡ ರಾಜ್ಯೋತ್ಸವ, ಬಂದವರು ಬೆಂಗಳೂರಿನಲ್ಲಿ ಒಂದು ದಿನ ಉಳಿಯುವುದಾದರೆ ಬಾವುಟಗಳ ಊರನ್ನು ನೋಡಿಕೊಂಡು ಹೋಗಬಹುದು.

ಕರೆ ಆನ್‌ಲೈನ್ ಆಗಿದ್ದರೆ ಲೆಕ್ಕ ಇಷ್ಟು ಬಿಗಿಯಾಗಿರಬೇಕಿಲ್ಲ. ಅಂಕ 1 ಇರುವ ದಿನಗಳನ್ನೂ, ಅಕ್ಟೋಬರ್ 8 ಮತ್ತು 9ನ್ನೂ ಧಾರಾಳವಾಗಿ ಬಳಸಬಹುದು.

ಹಂತ 6: ಯಾವಾಗ ಸೂಚಿಸಬೇಕು

ರೈಲ್ವೆಯ ಮುಂಗಡ ಕಾಯ್ದಿರಿಸುವಿಕೆಯ ಅವಧಿಯನ್ನು 2024ರ ನವೆಂಬರ್ 1ರಿಂದ 120 ದಿನಗಳಿಂದ 60 ದಿನಗಳಿಗೆ ಇಳಿಸಲಾಗಿದೆ. ಅಕ್ಟೋಬರ್ 17ರ ರೈಲಿಗೆ ಟಿಕೆಟ್ ತೆರೆಯುವುದು ಆಗಸ್ಟ್ 18ರಂದು. ಹಬ್ಬದ ಕಾಲದ ಪಟ್ನಾ ಕಡೆಯ ರೈಲುಗಳಲ್ಲಿ ಅಂದು ಬೆಳಿಗ್ಗೆ ಎಂಟಕ್ಕೆ ಟಿಕೆಟ್ ಸಿಕ್ಕವರು ಆ ತಾರೀಕನ್ನು ಇನ್ನು ಯಾರಿಗಾಗಿಯೂ ಬದಲಾಯಿಸುವುದಿಲ್ಲ, ಬದಲಾಯಿಸಿ ಎಂದು ಕೇಳುವುದು ನ್ಯಾಯವೂ ಅಲ್ಲ. ಆದ್ದರಿಂದ ಹಬ್ಬದ ಆಸುಪಾಸಿನ ಸಭೆಗೆ ನಿಮ್ಮ ಸೂಚನೆ ಹೋಗಬೇಕಾದದ್ದು ಆ ಅರವತ್ತು ದಿನಗಳಿಗೆ ಕನಿಷ್ಠ ಒಂದು ವಾರ ಮುಂಚೆ. ನಮ್ಮ ಉದಾಹರಣೆಯಲ್ಲಿ ಆಗಸ್ಟ್ 11ರ ಒಳಗೆ.

ಸೂಚನೆಯಲ್ಲಿ ಎರಡೇ ಆಯ್ಕೆ ಇರಲಿ. ಐದು ಆಯ್ಕೆ ಕೊಟ್ಟರೆ ಐವರಿಗೆ ಐದು ಇಷ್ಟವಾಗುತ್ತವೆ. "ಯಾವುದು ಅನುಕೂಲ" ಎಂದು ಕೇಳುವ ಬದಲು "ಯಾವುದು ಸಾಧ್ಯವೇ ಇಲ್ಲ" ಎಂದು ಕೇಳಿ. ಮೊದಲ ಪ್ರಶ್ನೆಗೆ ಹಿರಿಯರು ಉತ್ತರಿಸಿದ ಮೇಲೆ ಕಿರಿಯರು ಸುಮ್ಮನಾಗುತ್ತಾರೆ, ಎರಡನೆಯದಕ್ಕೆ ತಂಡಕ್ಕೆ ಹೊಸದಾಗಿ ಸೇರಿದ ಹುಡುಗಿಯೂ ಉತ್ತರ ಬರೆಯುತ್ತಾಳೆ. ನಾನು ಕಳುಹಿಸುವ ಒಕ್ಕಣೆ ಹೀಗಿರುತ್ತದೆ, ತಂಡದ ಭಾಷೆಗೆ ತಕ್ಕಂತೆ ಬದಲಾಯಿಸಿಕೊಳ್ಳಬಹುದು:

"ಎಲ್ಲರಿಗೂ ನಮಸ್ಕಾರ. ಎರಡು ದಿನದ ಕಾರ್ಯಾಗಾರಕ್ಕೆ ಅಕ್ಟೋಬರ್ 14 ಮಂಗಳವಾರ ಮತ್ತು 15 ಬುಧವಾರ, ಇಲ್ಲವೇ ಅಕ್ಟೋಬರ್ 30 ಗುರುವಾರ ಮತ್ತು 31 ಶುಕ್ರವಾರ ಎಂದು ಯೋಚಿಸಿದ್ದೇವೆ. ಬೆಂಗಳೂರು, ಕೋಲ್ಕತ್ತ, ಪುಣೆ, ಚೆನ್ನೈ, ಗುರುಗ್ರಾಮ ಕಚೇರಿಗಳ ರಜಾಪಟ್ಟಿಗಳನ್ನು ನೋಡಿದ್ದೇವೆ. ಪಟ್ಟಿಯಲ್ಲಿಲ್ಲದ ಹಬ್ಬ, ಮನೆಯ ಕಾರ್ಯ, ಈಗಾಗಲೇ ಮಾಡಿಸಿದ ಟಿಕೆಟ್ ಇದ್ದರೆ ಯಾವ ದಿನ ಸಾಧ್ಯವಿಲ್ಲ ಎಂಬುದನ್ನಷ್ಟೇ ನನಗೆ ನೇರವಾಗಿ ತಿಳಿಸಿ, ಕಾರಣ ಬೇಕಿಲ್ಲ. ಆಗಸ್ಟ್ 14 ಗುರುವಾರ ಸಂಜೆ ದಿನ ಖಚಿತಪಡಿಸುತ್ತೇವೆ."

ನೋಡಿದ ಪಟ್ಟಿಗಳ ಊರುಗಳನ್ನು ಹೆಸರಿಸುವುದು ಸೌಜನ್ಯಕ್ಕಷ್ಟೇ ಅಲ್ಲ. ಹೈದರಾಬಾದಿನಿಂದ ಕೆಲಸ ಮಾಡುವ ಒಬ್ಬರು ತಂಡದಲ್ಲಿದ್ದು ನಿಮಗೆ ಮರೆತುಹೋಗಿದ್ದರೆ, ಆ ಸಾಲನ್ನು ಓದಿ ಅವರೇ ನೆನಪಿಸುತ್ತಾರೆ.

ಹಂತ 7: ದಿನ ಖಚಿತವಾದ ಮೇಲೆ ಎರಡು ಸಲ ನೋಡಿ

ಸಭೆಗೆ ಮೂರು ವಾರ ಇರುವಾಗ ಒಮ್ಮೆ, ಒಂದು ವಾರ ಇರುವಾಗ ಇನ್ನೊಮ್ಮೆ ರಜಾಪಟ್ಟಿಗಳಿಗೆ ತಿದ್ದುಪಡಿ ಬಂದಿದೆಯೇ ಎಂದು ನೋಡಬೇಕು. 2024ರ ದೀಪಾವಳಿ ಅಕ್ಟೋಬರ್ 31ರ ಗುರುವಾರ ಬಂದಾಗ ತಮಿಳುನಾಡು ಸರ್ಕಾರವು ಮರುದಿನ ಶುಕ್ರವಾರಕ್ಕೂ ರಜೆ ಘೋಷಿಸಿ, ಅದಕ್ಕೆ ಬದಲಾಗಿ ನವೆಂಬರ್ 9ರ ಶನಿವಾರವನ್ನು ಕೆಲಸದ ದಿನವನ್ನಾಗಿ ಮಾಡಿತು. 2025ರಲ್ಲಿ ನಮ್ಮ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆ ಅಕ್ಟೋಬರ್ 7ಕ್ಕೆ ಮುಗಿಯಬೇಕಿತ್ತು. ಶಿಕ್ಷಕರು ಜಾತಿ ಸಮೀಕ್ಷೆಯ ಕೆಲಸದಲ್ಲಿದ್ದ ಕಾರಣಕ್ಕೆ ಅಂದೇ ಅದನ್ನು 18ರವರೆಗೆ ವಿಸ್ತರಿಸಿದರು. ನಮ್ಮ ಮೊದಲ ಆಯ್ಕೆಯಾದ 14 ಮತ್ತು 15ರಂದು ಅಂಥ ಮಕ್ಕಳಿರುವ ಮನೆಗಳ ಸಹೋದ್ಯೋಗಿಗಳಿಗೆ ಹೊಸ ಏರ್ಪಾಡು ಬೇಕಾಗುತ್ತಿತ್ತು. ಕಚೇರಿ ರಜೆಯ ಪಟ್ಟಿಯನ್ನಷ್ಟೇ ನೋಡುವವರಿಗೆ ಇದು ತಿಳಿಯುವುದೇ ಇಲ್ಲ.

ಚುನಾವಣೆ ಇರುವ ರಾಜ್ಯದಲ್ಲಿ ಮತದಾನದ ದಿನ, ಅಲ್ಲಿನ ಮತದಾರರಾದ ನೌಕರರಿಗೆ 1951ರ ಪ್ರಜಾಪ್ರತಿನಿಧಿ ಕಾಯ್ದೆಯ 135ಬಿ ಕಲಮಿನ ಪ್ರಕಾರ ಸಂಬಳಸಹಿತ ರಜೆ ಕೊಡಬೇಕಾಗುತ್ತದೆ, ವೇಳಾಪಟ್ಟಿ ಪ್ರಕಟವಾದ ದಿನವೇ ಅದನ್ನು ಹಾಳೆಗೆ 3 ಎಂದು ಸೇರಿಸಿ. ಗಣ್ಯರ ನಿಧನಕ್ಕೆ ಘೋಷಿಸುವ ರಜೆ ಮತ್ತು ಬಂದ್‌ಗಳನ್ನು ಯಾವ ಹಾಳೆಯೂ ಮೊದಲೇ ಹಿಡಿಯಲಾರದು. ಎರಡನೆಯ ಆಯ್ಕೆಯ ದಿನಗಳನ್ನು ಸಭೆ ಮುಗಿಯುವವರೆಗೂ ಎಲ್ಲರ ಕ್ಯಾಲೆಂಡರಿನಲ್ಲಿ ತಾತ್ಕಾಲಿಕವಾಗಿ ಹಿಡಿದಿಡುವುದು ಅದಕ್ಕಾಗಿಯೇ.

ಮುಂದಿನ ವರ್ಷಕ್ಕೆ ಈ ಹಾಳೆಯನ್ನು ನಕಲು ಮಾಡುವಾಗ ಹಬ್ಬದ ಹೆಸರು, ಊರು, ಅಂಕಗಳನ್ನು ಉಳಿಸಿಕೊಂಡು ತಾರೀಕಿನ ಅಂಕಣವನ್ನು ಪೂರ್ತಿ ಅಳಿಸಿಬಿಡಿ. "ಸುಮಾರು ಹನ್ನೊಂದು ದಿನ ಹಿಂದಕ್ಕೆ ಬರುತ್ತದೆ" ಎಂಬ ಅಂದಾಜನ್ನು ನಂಬಿ ಕೈಯಿಂದ ತಿದ್ದಬೇಡಿ. ಅಧಿಕ ಮಾಸ ಬಂದ ವರ್ಷ ಅದರ ನಂತರದ, ತಿಥಿಯ ಲೆಕ್ಕದ ಹಿಂದೂ ಹಬ್ಬಗಳೆಲ್ಲ ಮುಂದಕ್ಕೆ ಹೋಗುತ್ತವೆ. 2026ರಲ್ಲಿ ಅಧಿಕ ಜ್ಯೇಷ್ಠ ಇರುವುದರಿಂದ 2025ರಲ್ಲಿ ಅಕ್ಟೋಬರ್ 2ಕ್ಕೆ ಮುಗಿದ ದಸರಾ ಅಕ್ಟೋಬರ್‌ನ ಮೂರನೆಯ ವಾರಕ್ಕೆ ಜಾರುತ್ತದೆ, ದೀಪಾವಳಿ ನವೆಂಬರ್ 8ರ ಭಾನುವಾರಕ್ಕೆ. ಹಿಂದಿನ ವರ್ಷ ನಿರಾತಂಕವಾಗಿದ್ದ ವಾರದ ಅಂಚಿಗೇ ಆಗ ಹಬ್ಬ ಬಂದು ನಿಂತಿರುತ್ತದೆ.